‘ಗುಡ್ ಫಿಟ್’ ಅಂದ ಮಾತ್ರಕ್ಕೆ ಒಪ್ಪಬೇಡಿ, ಲೋಡಿಂಗ್ ಕೋಷ್ಟಕ ನೋಡಿ

ದೌಲತಾಬಾದ್ ಕೋಟೆ ಹತ್ತಿ ಇಳಿದು ಬಂದವರ ಕೈಗೆ ಯಾರೋ ಒಂದು ಪ್ರಶ್ನಾವಳಿ ಕೊಟ್ಟರು ಎಂದುಕೊಳ್ಳಿ. ಅದರಲ್ಲಿ ಆರು ಪ್ರಶ್ನೆಗಳಿವೆ. ಮೊದಲ ಮೂರು ಸೌಕರ್ಯದ ಬಗ್ಗೆ: ಕುಡಿಯುವ ನೀರು, ಶೌಚಾಲಯ, ಮೆಟ್ಟಿಲುಗಳ ಸುರಕ್ಷತೆ. ಉಳಿದ ಮೂರು ಇತಿಹಾಸದ ಬಗ್ಗೆ: ಚಾಂದ್ ಮಿನಾರ್ ಹೇಗನಿಸಿತು, ‘ಅಂಧೇರಿ’ ಎಂಬ ಕತ್ತಲ ದಾರಿ ಹೇಗನಿಸಿತು, ಯಾದವರಿಂದ ತುಘಲಕನವರೆಗಿನ ಕಥೆ ತಿಳಿಯಿತೇ. ಸಂಶೋಧಕರು ಆರನ್ನೂ ಕೂಡಿಸಿ ‘ಪ್ರವಾಸಿ ತೃಪ್ತಿ’ ಎಂಬ ಒಂದೇ ಫ್ಯಾಕ್ಟರ್ ಅಂತ ಹೆಸರಿಟ್ಟು, ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್ ಮಾಡಿ, ಕೊನೆಗೆ ‘ಮಾದರಿ ದತ್ತಾಂಶಕ್ಕೆ ಚೆನ್ನಾಗಿ ಹೊಂದುತ್ತದೆ’ ಎಂದು ಬರೆಯುತ್ತಾರೆ. ಇದು ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಇದೇ ಅಚ್ಚಿನ ಪ್ರಬಂಧಗಳನ್ನು ಎಂ.ಬಿ.ಎ., ಎಂ.ಎಡ್. ಓದುವ ನೀವು ಈಗಾಗಲೇ ನೋಡಿರುತ್ತೀರಿ.

‘ಚೆನ್ನಾಗಿ ಹೊಂದುತ್ತದೆ’ ಅನ್ನುವುದರ ಅರ್ಥ ಇಷ್ಟೇ: ಪ್ರಶ್ನೆಗಳ ನಡುವೆ ನಿಜವಾಗಿ ಕಂಡ ಸಹಸಂಬಂಧಕ್ಕೂ, ಮಾದರಿ ಸರಿಯಿದ್ದರೆ ಇರಬೇಕಿದ್ದ ಸಹಸಂಬಂಧಕ್ಕೂ ಹೆಚ್ಚು ಅಂತರವಿಲ್ಲ. ಆ ಅಂತರವನ್ನು ಬೇರೆ ಬೇರೆ ರೀತಿಯಲ್ಲಿ ಅಳೆಯುವವೇ ಫಿಟ್ ಇಂಡೆಕ್ಸ್‌ಗಳು. ಆರ್‌ಎಂಎಸ್‌ಇಎ ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು, ಸಿಎಫ್‌ಐ ಒಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. 1999ರಲ್ಲಿ ಹೂ ಮತ್ತು ಬೆಂಟ್ಲರ್ ಬರೆದ ಪ್ರಬಂಧದಿಂದ 0.06 ಮತ್ತು 0.95 ಎಂಬ ಗಡಿಗಳು ಜನಪ್ರಿಯವಾದವು. ಇವತ್ತು ಅವು ಪಾಸು-ಫೇಲಿನ ಅಂಕವೇ ಆಗಿಬಿಟ್ಟಿವೆ.

ಈಗ ನಮ್ಮ ಉದಾಹರಣೆಗೆ ಬನ್ನಿ. ಸತ್ಯಸಂಗತಿ ಬೇರೆ ಇದೆ ಎಂದಿಟ್ಟುಕೊಳ್ಳೋಣ: ಸೌಕರ್ಯ ಒಂದು ಫ್ಯಾಕ್ಟರ್, ಇತಿಹಾಸದ ಅನುಭವ ಇನ್ನೊಂದು, ಎರಡರ ನಡುವಿನ ಸಹಸಂಬಂಧ 0.7. ಅಂದರೆ ಒಂದೇ ಫ್ಯಾಕ್ಟರ್ ಅನ್ನುವ ಮಾದರಿ ತಪ್ಪು. ಈ ತಪ್ಪು ಫಿಟ್ ಇಂಡೆಕ್ಸ್‌ಗೆ ಸಿಕ್ಕಿಬೀಳುತ್ತದೆಯೇ? ಅದು ಲೋಡಿಂಗ್ ಮೇಲೆ ನಿಂತಿದೆ.

ಒಂದು ಪ್ರಶ್ನೆ ತನ್ನ ಫ್ಯಾಕ್ಟರನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನುವುದೇ ಲೋಡಿಂಗ್. ಒಂದೇ ಫ್ಯಾಕ್ಟರಿಗೆ ಸೇರಿದ ಎರಡು ಪ್ರಶ್ನೆಗಳ ಸಹಸಂಬಂಧ ಬೇಕಾದರೆ ಅವುಗಳ ಲೋಡಿಂಗ್‌ಗಳನ್ನು ಗುಣಿಸಿ. ಬೇರೆ ಬೇರೆ ಫ್ಯಾಕ್ಟರಿನವಾದರೆ ಆ ಗುಣಲಬ್ಧವನ್ನು ಮತ್ತೆ 0.7ರಿಂದ ಗುಣಿಸಿ. ಎಲ್ಲ ಲೋಡಿಂಗ್ 0.8 ಇದ್ದರೆ, ನೀರು ಮತ್ತು ಶೌಚಾಲಯದ ಪ್ರಶ್ನೆಗಳ ಸಹಸಂಬಂಧ 0.64, ನೀರು ಮತ್ತು ಚಾಂದ್ ಮಿನಾರಿನದು ಸುಮಾರು 0.45. ಅಂತರ 0.19, ಕಣ್ಣಿಗೆ ಹೊಡೆಯುವಂತಿದೆ. ಎಲ್ಲ ಲೋಡಿಂಗ್ 0.4 ಇದ್ದರೆ? 0.16 ಮತ್ತು 0.11. ಅಂತರ 0.05 ಮಾತ್ರ.

ಎರಡೂ ಸಂದರ್ಭಕ್ಕೆ ಒಂದೇ ಫ್ಯಾಕ್ಟರಿನ ಆ ತಪ್ಪು ಮಾದರಿಯನ್ನೇ ಹೊಂದಿಸಿ ಲೆಕ್ಕ ಹಾಕಿದರೆ ಬರುವ ಉತ್ತರ ನೋಡಿ. ಲೋಡಿಂಗ್ 0.8 ಇದ್ದಾಗ ಆರ್‌ಎಂಎಸ್‌ಇಎ 0.22, ಸಿಎಫ್‌ಐ 0.85. ಎರಡರಲ್ಲೂ ಫೇಲ್. ಲೋಡಿಂಗ್ 0.4 ಇದ್ದಾಗ ಆರ್‌ಎಂಎಸ್‌ಇಎ 0.034, ಸಿಎಫ್‌ಐ 0.951. ಎರಡರಲ್ಲೂ ಪಾಸು! ಮಾದರಿಯ ತಪ್ಪು ಕೂದಲೆಳೆಯಷ್ಟೂ ಬದಲಾಗಿಲ್ಲ. ಅಳತೆ ಕೆಟ್ಟಿದ್ದರಿಂದ ತಪ್ಪು ಕಾಣದಂತಾಯಿತು, ಅಷ್ಟೇ. ಮಬ್ಬು ಫೋಟೋದಲ್ಲಿ ಮುಖದ ಕಲೆ ಕಾಣುವುದಿಲ್ಲವಲ್ಲ, ಹಾಗೆ.

ಹಾಗಾದರೆ 0.06, 0.95 ಗಡಿಗಳು ಎಲ್ಲಿಂದ ಬಂದವು? ಹೂ ಮತ್ತು ಬೆಂಟ್ಲರ್ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ದತ್ತಾಂಶದಲ್ಲಿ ಲೋಡಿಂಗ್‌ಗಳು 0.70ರಿಂದ 0.80ರವರೆಗೆ ಇದ್ದವು. ಅಂದರೆ ಆ ಗಡಿಗಳು ಗಟ್ಟಿ ಅಳತೆಯ ಲೋಕಕ್ಕೆ ಸೇರಿದವು. ಮೆಕ್‌ನೀಶ್, ಆ್ಯನ್ ಮತ್ತು ಹ್ಯಾನ್‌ಕಾಕ್ 2018ರಲ್ಲಿ ಇದನ್ನೇ ವಿವರವಾಗಿ ತೋರಿಸಿದರು. 0.4, 0.5ರ ಲೋಡಿಂಗ್ ಇರುವ ಪ್ರಬಂಧಕ್ಕೆ ಅದೇ ಗಡಿ ಹಚ್ಚುವುದು ನನ್ನ ಪ್ರಕಾರ ಬರೀ ರೂಢಿ, ಪುರಾವೆ ಅಲ್ಲ. ಆದ್ದರಿಂದ ಪ್ರಬಂಧ ಕೈಗೆ ಬಂದಾಗ ಫಿಟ್ ಸಾಲನ್ನು ಬಿಟ್ಟು ಮೊದಲು ಲೋಡಿಂಗ್ ಕೋಷ್ಟಕಕ್ಕೆ ಹೋಗಿ. ಪ್ರತಿ ಸಂಖ್ಯೆಯನ್ನು ವರ್ಗ ಮಾಡಿ. 0.4ರ ವರ್ಗ 0.16. ಅಂದರೆ ಆ ಪ್ರಶ್ನೆಯ ಉತ್ತರಗಳಲ್ಲಿನ ಏರಿಳಿತದಲ್ಲಿ ಶೇ. 16 ಮಾತ್ರ ಫ್ಯಾಕ್ಟರಿನದು, ಉಳಿದ ಶೇ. 84 ಬೇರೆ ಏನೋ. ಕೋಷ್ಟಕವನ್ನೇ ಕೊಡದೆ ‘ಎಲ್ಲ ಲೋಡಿಂಗ್‌ಗಳೂ ಸಿಗ್ನಿಫಿಕೆಂಟ್’ ಎಂದಷ್ಟೇ ಬರೆದಿದ್ದರೆ ಎಚ್ಚರವಿರಲಿ. ನೂರಾರು ಜನರ ಸ್ಯಾಂಪಲ್ಲಿನಲ್ಲಿ 0.3 ಕೂಡ ಸಿಗ್ನಿಫಿಕೆಂಟ್ ಆಗಿಬಿಡುತ್ತದೆ.

ಇನ್ನು ನಿಜವಾದ ದತ್ತಾಂಶ ಒಂದನ್ನು ನೋಡೋಣ. 1939ರಲ್ಲಿ ಹೋಲ್ಸಿಂಗರ್ ಮತ್ತು ಸ್ವೈನ್‌ಫೋರ್ಡ್ ಪ್ರಕಟಿಸಿದ ಇದರಲ್ಲಿ ಅಮೆರಿಕದ ಎರಡು ಶಾಲೆಗಳ 301 ಮಕ್ಕಳ ಪರೀಕ್ಷಾ ಅಂಕಗಳಿವೆ. ಆರ್ ಎಂಬ ಉಚಿತ ತಂತ್ರಾಂಶದ ಲಾವಾನ್ ಪ್ಯಾಕೇಜಿನೊಳಗೇ ಇದು ಸಿಗುತ್ತದೆ. ನೀವೇ ಮಾಡಿ ನೋಡಬಹುದು:

```
library(lavaan)
m <- 'visual  =~ x1 + x2 + x3
      textual =~ x4 + x5 + x6
      speed   =~ x7 + x8 + x9'
fit <- cfa(m, data = HolzingerSwineford1939)
summary(fit, fit.measures = TRUE, standardized = TRUE)
```

ಸಿಎಫ್‌ಐ 0.931, ಆರ್‌ಎಂಎಸ್‌ಇಎ 0.092. ಗಡಿಯ ಪ್ರಕಾರ ಮಾದರಿ ಫೇಲ್. ಲೋಡಿಂಗ್ ನೋಡಿ: ಓದಿ ಅರ್ಥಮಾಡಿಕೊಳ್ಳುವ ಮೂರು ಪರೀಕ್ಷೆಗಳಿಗೆ 0.852, 0.855, 0.838. ಬಹಳ ಗಟ್ಟಿ. ದೃಶ್ಯ ಸಾಮರ್ಥ್ಯದ ಮೂರಕ್ಕೆ 0.772, 0.424, 0.581. ಇವುಗಳ ವರ್ಗಗಳ ಸರಾಸರಿ ಸುಮಾರು 0.37. ಅಂದರೆ ‘ದೃಶ್ಯ’ ಫ್ಯಾಕ್ಟರ್ ತನ್ನ ಪ್ರಶ್ನೆಗಳ ಅರ್ಧದಷ್ಟನ್ನೂ ವಿವರಿಸುತ್ತಿಲ್ಲ. ಫೇಲಾದ ಮಾದರಿಯೊಳಗೆ ಒಂದು ಭಾಗ ಬಹಳ ಚೆನ್ನಾಗಿದೆ, ಇನ್ನೊಂದು ಸೊರಗಿದೆ. ಇಡೀ ಮಾದರಿಗೆ ಒಂದೇ ಸಂಖ್ಯೆ ಕೊಡುವ ಫಿಟ್ ಇಂಡೆಕ್ಸ್ ಇದನ್ನು ಹೇಳುವುದೇ ಇಲ್ಲ.

ಇಂಥ ಫೇಲಾದ ಮಾದರಿಯನ್ನು ಪಾಸು ಮಾಡಿಸುವ ದಾರಿಯೂ ಇದೆ. ಯಾವ ಗೆರೆ ಸೇರಿಸಿದರೆ ಫಿಟ್ ಎಷ್ಟು ಸುಧಾರಿಸುತ್ತದೆ ಎಂದು ತಂತ್ರಾಂಶವೇ ಪಟ್ಟಿ ಕೊಡುತ್ತದೆ. ಇಲ್ಲಿ ಆ ಪಟ್ಟಿಯ ತುದಿಯಲ್ಲಿ ಎರಡಿವೆ: x9ಅನ್ನು ‘ದೃಶ್ಯ’ ಫ್ಯಾಕ್ಟರಿಗೂ ಸೇರಿಸುವುದು, ಅಥವಾ x7 ಮತ್ತು x8ರ ದೋಷಗಳನ್ನು ಪರಸ್ಪರ ಜೋಡಿಸುವುದು. x9 ಅಂದರೆ ನೇರ ಗೆರೆಯ ಮತ್ತು ಬಾಗಿದ ಗೆರೆಯ ದೊಡ್ಡಕ್ಷರಗಳನ್ನು ಬೇಗ ಗುರುತಿಸುವ ಪರೀಕ್ಷೆ, ಅದಕ್ಕೆ ಕಣ್ಣಿನ ಚುರುಕು ಬೇಕೇ ಬೇಕು. ಹಾಗಾಗಿ ಮೊದಲ ತಿದ್ದುಪಡಿಗೆ ಕಾರಣ ಹೇಳಬಹುದು. ಎರಡನೆಯದಕ್ಕೂ ಏನೋ ಒಂದು ಕಾರಣ ಹುಡುಕಬಹುದು: ಬೇಗ ಕೂಡುವುದು, ಚುಕ್ಕಿ ಎಣಿಸುವುದು, ಎರಡೂ ಲೆಕ್ಕವೇ ತಾನೇ! ತೊಂದರೆ ಇರುವುದು ಇಲ್ಲೇ. ಫಿಟ್ ನೋಡಿದ ಮೇಲೆ ಹುಟ್ಟಿದ ಕಾರಣವನ್ನು, ಅದೇ ಮಕ್ಕಳ ಅಂಕದಲ್ಲೇ ಪರೀಕ್ಷಿಸಿ ‘ಮಾದರಿ ಹೊಂದಿತು’ ಅಂದರೆ ಅದಕ್ಕೆ ಬೆಲೆಯಿಲ್ಲ. ಬೇರೆ ಸ್ಯಾಂಪಲ್ಲಿನಲ್ಲೂ ತೋರಿಸಿದ್ದಾರಾ ಎಂದು ಕೇಳಿ.

ಲೇಖಕರು ಇಂಥ ತಿದ್ದುಪಡಿ ಮಾಡಿ ಹೇಳದೆ ಬಿಟ್ಟಿದ್ದರೂ ನೀವು ಹಿಡಿಯಬಹುದು. ಒಂಬತ್ತು ಪ್ರಶ್ನೆಗಳಿದ್ದರೆ ದತ್ತಾಂಶದಲ್ಲಿರುವ ಮಾಹಿತಿ 9 × 10 ÷ 2, ಅಂದರೆ 45 ಸಂಖ್ಯೆಗಳು. ಮೇಲಿನ ಮಾದರಿ ಅಂದಾಜಿಸುವುದು ಒಂಬತ್ತು ಲೋಡಿಂಗ್, ಒಂಬತ್ತು ದೋಷ, ಫ್ಯಾಕ್ಟರ್‌ಗಳ ನಡುವಿನ ಮೂರು ಸಹಸಂಬಂಧ, ಒಟ್ಟು 21. ಉಳಿದದ್ದು 24, ಇದೇ ಡಿಗ್ರೀಸ್ ಆಫ್ ಫ್ರೀಡಂ. ಕೈ-ಸ್ಕ್ವೇರ್ ಪಕ್ಕದಲ್ಲಿ ಇದನ್ನು ಬರೆದಿರುತ್ತಾರೆ. ಚಿತ್ರದಲ್ಲಿ ಇದೇ ಸರಳ ಮಾದರಿ ಇದ್ದು, ಪ್ರಬಂಧದಲ್ಲಿ 22 ಎಂದಿದ್ದರೆ, ಚಿತ್ರದಲ್ಲಿಲ್ಲದ ಎರಡು ಗೆರೆಗಳನ್ನು ಎಲ್ಲೋ ಸೇರಿಸಿದ್ದಾರೆ ಎಂದರ್ಥ.