ಗರ್ಭ ಹೋದ ಮೇಲೆ ಮೊದಲ ಮುಟ್ಟು: ಯಾವಾಗ ಬರ್ತದೆ, ಎಷ್ಟು ರಕ್ತ ಹೋದರೆ ಆಸ್ಪತ್ರೆಗೆ ಹೊರಡಬೇಕು?

ಗರ್ಭ ತಾನಾಗಿ ಹೋಗಿರಬಹುದು, ಇಲ್ಲವೇ ಡಾಕ್ಟರ ಸಲಹೆಯಂತೆ ಮಾತ್ರೆ ತೆಗೆದುಕೊಂಡು ಅಬಾರ್ಷನ್ ಮಾಡಿಸಿಕೊಂಡಿರಬಹುದು. ಎರಡರಲ್ಲೂ ಎರಡು ವಾರ ಕಳೆದ ಮೇಲೆ ಹುಟ್ಟುವ ಪ್ರಶ್ನೆ ಒಂದೇ: ಈಗ ಹೋಗ್ತಿರುವ ರಕ್ತ ಅವತ್ತಿನದ್ದೇ ಉಳಿಕೆಯಾ, ಅಥವಾ ಪಿರಿಯಡ್ಸ್ ಶುರುವಾಯ್ತಾ?

ಮನೆಯಲ್ಲಿ ಇದನ್ನು ಕೇಳುವುದು ಸುಲಭವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಕೇಳಿದರೂ ಸಿಗುವ ಉತ್ತರ ಬಹಳ ಸಲ, "ಕೆಟ್ಟ ರಕ್ತ ಎಲ್ಲ ಹೋಗ್ಲಿ ಮಾರಾಯ್ತಿ, ಒಳ್ಳೇದೇ" ಎಂಬುದು. ಅಪಾಯ ಇರುವುದೇ ಈ ಮಾತಿನಲ್ಲಿ. ಹೋಗುವ ರಕ್ತದಲ್ಲಿ ಕೆಟ್ಟದ್ದು, ಒಳ್ಳೆಯದ್ದು ಅಂತ ಎರಡು ಬಗೆ ಇಲ್ಲ. ಹೋದದ್ದೆಲ್ಲ ನಿಮ್ಮ ಮೈಯದ್ದೇ ರಕ್ತ. ಆದ್ದರಿಂದ ನೋಡಬೇಕಾದದ್ದು ಎರಡನ್ನು: ಎಷ್ಟು ಹೋಗ್ತಿದೆ, ಮತ್ತು ಇವತ್ತಿಗೆ ಎಷ್ಟನೇ ದಿನ.

ದಿನ ಎಣಿಸುವುದು ಎಲ್ಲಿಂದ?

ಜೋರಾಗಿ ರಕ್ತಸ್ರಾವವಾಗಿ ಗರ್ಭ ಹೊರಬಿದ್ದ ದಿನವನ್ನು 1ನೇ ದಿನ ಎಂದು ಮೊಬೈಲ್ ಕ್ಯಾಲೆಂಡರಿನಲ್ಲಿ ಗುರುತಿಸಿ. ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿಸಿದ್ದರೆ ಆ ದಿನವೇ 1ನೇ ದಿನ.

ಗರ್ಭ ಇರುವಾಗ ರಕ್ತದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನ್ ಇರುತ್ತದೆ. ಪ್ರೆಗ್ನೆನ್ಸಿ ಕಾರ್ಡಿನಲ್ಲಿ ಎರಡು ಗೆರೆ ಬರುವುದು ಇದರಿಂದಲೇ. ಗರ್ಭ ಹೋದ ಮೇಲೆ ಇದು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಸಾಕಷ್ಟು ಇಳಿದ ಮೇಲೆ ಅಂಡಾಶಯ ಮತ್ತೆ ಕೆಲಸ ಶುರುಮಾಡಿ ಒಂದು ಅಂಡಾಣುವನ್ನು ಬಿಡುತ್ತದೆ. ಅದಾಗಿ ಸುಮಾರು ಎರಡು ವಾರಕ್ಕೆ ಮುಟ್ಟು ಬರುತ್ತದೆ.

ಅಂಡಾಣು ಬೇಗವೆಂದರೆ 8ರಿಂದ 10ನೇ ದಿನದ ಹೊತ್ತಿಗೆ ಬರಬಹುದು. ಅದಕ್ಕೆ ಎರಡು ವಾರ ಸೇರಿಸಿದರೆ ಮೂರು ವಾರ ದಾಟುತ್ತದೆ. ಹಾಗಾಗಿ ಮೂರು ವಾರಕ್ಕೆ ಮೊದಲೇ ರಕ್ತ ಮತ್ತೆ ಜೋರಾದರೆ ಅದನ್ನು "ಪಿರಿಯಡ್ಸ್ ಬೇಗ ಬಂತು" ಎಂದು ಬಿಟ್ಟುಬಿಡಬೇಡಿ. ಅದು ಮುಟ್ಟಾಗಿರುವ ಸಾಧ್ಯತೆ ತೀರಾ ಕಡಿಮೆ.

ಮೊದಲ ಮೂರು ತಿಂಗಳೊಳಗೆ ಗರ್ಭ ಹೋಗಿದ್ದರೆ ಹೆಚ್ಚಿನವರಿಗೆ ಮುಟ್ಟು ಬರುವುದು 4ರಿಂದ 6 ವಾರದ ನಡುವೆ. ಕೆಲವರಿಗೆ 8 ವಾರದವರೆಗೂ ಹೋಗುತ್ತದೆ. ತಿಂಗಳು ಹೆಚ್ಚಾದ ಗರ್ಭ ಹೋಗಿದ್ದರೆ, ಮೊದಲಿನಿಂದಲೂ ಮುಟ್ಟು ಹಿಂದೆಮುಂದೆ ಆಗುವವರಾದರೆ, ಇನ್ನೂ ಸ್ವಲ್ಪ ತಡವಾಗಬಹುದು.

ಒಂದು ಲೆಕ್ಕ ಹಾಕಿ ನೋಡೋಣ

ಬಿ.ಸಿ.ರೋಡಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬಾಕೆ ಎಂದಿಟ್ಟುಕೊಳ್ಳಿ. ಕೊನೆಯ ಮುಟ್ಟು ಏಪ್ರಿಲ್ 8ಕ್ಕೆ. ಜೂನ್ 3ಕ್ಕೆ, ಅಂದರೆ ಸರಿಯಾಗಿ 8 ವಾರಕ್ಕೆ, ಗರ್ಭ ಹೋಯಿತು. ಸ್ಕ್ಯಾನ್ ಮೊದಲೇ ಆಗಿತ್ತು, ಗರ್ಭ ಗರ್ಭಕೋಶದೊಳಗೇ ಇತ್ತು ಎಂಬುದು ಗೊತ್ತಿತ್ತು.

ಜೂನ್ 3ರಂದು ಕೆಲವು ಗಂಟೆ ಜೋರು ರಕ್ತ, ಗಟ್ಟಿ ಗಟ್ಟಿ ಗಡ್ಡೆ, ಹೊಟ್ಟೆ ಹಿಂಡಿದ ಹಾಗೆ ನೋವು. ಅದು ಹೊರಬಿದ್ದ ಮೇಲೆ ನೋವೂ ಇಳಿಯಿತು, ರಕ್ತವೂ ಕಡಿಮೆಯಾಯಿತು. ಮುಂದಿನ ಮೂರು ನಾಲ್ಕು ದಿನ ಮುಟ್ಟಿನಷ್ಟೇ ಹೋಯಿತು. ಆಮೇಲೆ ಜೂನ್ 14ರವರೆಗೆ ಕಂದು ಬಣ್ಣದ ಕಲೆ, ನಡುವೆ ಒಂದು ದಿನ ಇಲ್ಲ, ಮರುದಿನ ಮತ್ತೆ ಸ್ವಲ್ಪ. ಇದೆಲ್ಲ ಸಹಜ. ಮಾತ್ರೆಯಿಂದ ಆದ ಅಬಾರ್ಷನ್‌ನಲ್ಲಿ ರಕ್ತ ಸಾಮಾನ್ಯವಾಗಿ 9ರಿಂದ 16 ದಿನ ಹೋಗುತ್ತದೆ. ಸಣ್ಣ ಕಲೆ ನಾಲ್ಕು ವಾರದವರೆಗೂ ಕಾಣಿಸುವವರಿದ್ದಾರೆ. ಕ್ಲೀನ್ ಮಾಡಿಸಿದವರಿಗೆ ಇದಕ್ಕಿಂತ ಕಡಿಮೆ.

ಜುಲೈ 1ಕ್ಕೆ ನಾಲ್ಕು ವಾರ. ಆವತ್ತು ಕಾರ್ಡ್ ಟೆಸ್ಟ್ ಮಾಡಿದಳು, ಒಂದೇ ಗೆರೆ. ಇದಕ್ಕೂ ಮುಂಚೆ ಮಾಡಿದ್ದರೆ ಹಳೆಯ ಎಚ್‌ಸಿಜಿಯಿಂದಲೇ ಎರಡು ಗೆರೆ ಬಂದು ಸುಮ್ಮನೆ ಗಾಬರಿಯಾಗುತ್ತಿತ್ತು. ಜುಲೈ 6ಕ್ಕೆ ಮುಟ್ಟು ಬಂತು. ಯಾವಾಗಿನದ್ದಕ್ಕಿಂತ ಸ್ವಲ್ಪ ಜಾಸ್ತಿ, ಎರಡನೇ ದಿನ ಸಣ್ಣ ಗಡ್ಡೆ, ಆರನೇ ದಿನಕ್ಕೆ ನಿಂತಿತು. ಮೊದಲ ಮುಟ್ಟು ಹೀಗೆ ಸ್ವಲ್ಪ ಜೋರಾಗಿರುವುದು ಸಾಮಾನ್ಯ. ಕೆಲವರಿಗೆ ಕಡಿಮೆಯೂ ಆಗುತ್ತದೆ. ಒಂದೆರಡು ತಿಂಗಳಲ್ಲಿ ನಿಮ್ಮ ಹಳೆಯ ಕ್ರಮಕ್ಕೆ ಮರಳುತ್ತದೆ.

ಇದೇ ಕತೆಯಲ್ಲಿ ಒಂದು ದಿನಾಂಕ ಬದಲಿಸಿ. ಜೂನ್ 14ಕ್ಕೆ ನಿಂತ ರಕ್ತ ಜೂನ್ 19ಕ್ಕೆ ಕೆಂಪಗೆ, ಗಡ್ಡೆ ಸಮೇತ ಮತ್ತೆ ಶುರುವಾಯಿತು ಅಂದುಕೊಳ್ಳಿ. ಅದು 17ನೇ ದಿನ, ಮುಟ್ಟು ಬರುವ ಕಾಲವಲ್ಲ. ಇಂಥಲ್ಲಿ ಡಾಕ್ಟರು ಮೊದಲು ಯೋಚಿಸುವುದು, ಗರ್ಭದ ತುಣುಕು ಒಳಗೆ ಉಳಿದಿದೆಯಾ ಎಂದು. ಉಳಿದ ತುಣುಕು ಇರುವಷ್ಟು ಕಾಲ ಗರ್ಭಕೋಶಕ್ಕೆ ಸರಿಯಾಗಿ ಕುಗ್ಗಲು ಆಗುವುದಿಲ್ಲ, ಕುಗ್ಗದಿದ್ದರೆ ರಕ್ತನಾಳಗಳು ಮುಚ್ಚುವುದಿಲ್ಲ. ಪರೀಕ್ಷೆ, ಸ್ಕ್ಯಾನ್ ಮಾಡಿ ಮಾತ್ರೆಯಲ್ಲೇ ಸರಿಹೋಗುತ್ತದಾ, ಕ್ಲೀನ್ ಮಾಡಬೇಕಾ ಎಂದು ತೀರ್ಮಾನಿಸುತ್ತಾರೆ. ಸ್ಕ್ಯಾನಿನಲ್ಲಿ ಒಳಪದರ ಸ್ವಲ್ಪ ದಪ್ಪ ಕಂಡ ಮಾತ್ರಕ್ಕೆ ಎಲ್ಲರಿಗೂ ಕ್ಲೀನ್ ಮಾಡಬೇಕಾಗಿಲ್ಲ. ರಕ್ತ, ನೋವು, ಜ್ವರ ಹೇಗಿದೆ ಎಂಬುದನ್ನೂ ಸೇರಿಸಿ ನೋಡಬೇಕಾಗುತ್ತದೆ.

ಪ್ಯಾಡ್ ಲೆಕ್ಕ

"ಜೋರು" ಅಂದರೆ ಎಷ್ಟು? ಇದಕ್ಕೆ ಒಂದು ಅಳತೆ ಉಂಟು. ದೊಡ್ಡ ಪ್ಯಾಡ್ ಈ ತುದಿಯಿಂದ ಆ ತುದಿವರೆಗೆ ಪೂರ್ತಿ ನೆನೆದು, ಗಂಟೆಗೆ ಎರಡು ಬದಲಿಸುವ ಹಾಗಾಗಿ, ಅದು ಸತತ ಎರಡು ಗಂಟೆ ಮುಂದುವರಿದರೆ ಅದು ತುರ್ತು. ಗರ್ಭ ಹೊರಬೀಳುವ ದಿನಕ್ಕೂ, ಎರಡು ವಾರ ಬಿಟ್ಟು ಬಂದ ರಕ್ತಕ್ಕೂ, ಮೊದಲ ಮುಟ್ಟಿಗೂ ಇದೇ ಅಳತೆ. ಈ ಲೆಕ್ಕ ಸಿಗಬೇಕೆಂದೇ ಈ ವಾರಗಳಲ್ಲಿ ಕಪ್ ಬದಲು ಪ್ಯಾಡ್ ಬಳಸುವುದು ಅನುಕೂಲ.

ಲೆಕ್ಕ ಹಾಕುತ್ತಾ ಕೂರಬಾರದ ಲಕ್ಷಣಗಳೂ ಇವೆ. ತಲೆ ತಿರುಗಿ ಕಣ್ಣು ಕತ್ತಲೆ ಬರುವುದು, ಎದ್ದು ನಿಂತರೆ ಬೀಳುವ ಹಾಗಾಗುವುದು, ಎದೆ ಬಡಿತ ಜೋರಾಗುವುದು ರಕ್ತ ಜಾಸ್ತಿ ಹೋಗಿದೆ ಎಂಬುದರ ಗುರುತು. ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಮತ್ತೆ ಮತ್ತೆ ಬೀಳುತ್ತಿದ್ದರೂ ತಡಮಾಡಬೇಡಿ. ಜ್ವರ 100.4 ಡಿಗ್ರಿ ದಾಟಿ ಇಳಿಯದಿದ್ದರೆ, ಕೆಟ್ಟ ವಾಸನೆಯ ಸ್ರಾವವಿದ್ದರೆ, ಕೆಳಹೊಟ್ಟೆ ಮುಟ್ಟಿದರೆ ನೋಯುತ್ತಿದ್ದರೆ ಸೋಂಕು ಆಗಿರಬಹುದು. ಇದು ರಕ್ತ ಕಡಿಮೆ ಇದ್ದಾಗಲೂ ಆಗುತ್ತದೆ. ಮಾತ್ರೆ ಇಟ್ಟುಕೊಂಡ ದಿನ ಚಳಿ, ಸ್ವಲ್ಪ ಜ್ವರ ಬರುವುದುಂಟು. ಅದು ಮರುದಿನಕ್ಕೂ ಮುಂದುವರಿದರೆ ಮಾತ್ರ ಸಹಜವಲ್ಲ.

ದೂರವನ್ನೂ ಈ ಲೆಕ್ಕದೊಳಗೆ ಸೇರಿಸಿಕೊಳ್ಳಿ. ನೆರಿಯ, ಚಾರ್ಮಾಡಿ, ದಿಡುಪೆ ಕಡೆಯಿಂದ ಮಳೆಗಾಲದ ರಾತ್ರಿ ಬೆಳ್ತಂಗಡಿ ಪೇಟೆಗೆ ಬರುವುದಕ್ಕೇ ಸಮಯ ಬೇಕು. ಅಲ್ಲಿಂದ ಮಂಗಳೂರಿಗೆ ಕಳುಹಿಸಿದರೆ ಇನ್ನೂ ಸುಮಾರು 60 ಕಿಲೋಮೀಟರ್. ಅಂಥ ಕಡೆ ಇರುವವರು ಮೊದಲ ಗಂಟೆಯಲ್ಲಿ ಎರಡು ಪ್ಯಾಡ್ ನೆನೆದಾಗಲೇ ಮನೆಯವರಿಗೆ ಹೇಳಿ, 108ಕ್ಕೆ ಫೋನ್ ಮಾಡಿ. ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ಉಂಟು. ದೊಡ್ಡ ಚಿಕಿತ್ಸೆ ಬೇಕಾದರೆ ಮಂಗಳೂರಿನಲ್ಲಿ ಹೆಂಗಸರಿಗೆಂದೇ ಇರುವ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಉಂಟು. ಸ್ವಂತ ಸ್ಕೂಟರ್ ಬಿಟ್ಟುಕೊಂಡು ಒಬ್ಬರೇ ಹೊರಡಬೇಡಿ, ದಾರಿಯಲ್ಲಿ ತಲೆ ತಿರುಗಬಹುದು.

ಸ್ಕ್ಯಾನ್ ಮಾಡಿಸದೆ ಮಾತ್ರೆ ತಗೊಂಡಿದ್ದರೆ

ಅಬಾರ್ಷನ್ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಯಾರ ಮೂಲಕವೋ ತರಿಸಿ ನುಂಗುವವರಿದ್ದಾರೆ. ಇಲ್ಲಿರುವ ಮುಖ್ಯ ಅಪಾಯ, ಗರ್ಭ ಗರ್ಭನಾಳದಲ್ಲಿ ನಿಂತಿದ್ದರೆ ಈ ಮಾತ್ರೆಗೆ ಅದು ಹೋಗುವುದಿಲ್ಲ. ಹೊರಗೆ ಸ್ವಲ್ಪವೇ ರಕ್ತ ಕಾಣಿಸಬಹುದು, ಆದರೆ ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸೋರುತ್ತದೆ. ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ಹೆಗಲಿನ ತುದಿಯಲ್ಲಿ ನೋವು, ತಲೆ ತಿರುಗುವುದು ಇದರ ಗುರುತು. ಇಲ್ಲಿ ಪ್ಯಾಡ್ ಲೆಕ್ಕ ಪ್ರಯೋಜನಕ್ಕೆ ಬರುವುದಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ತಗೊಂಡು 24 ಗಂಟೆಯಾದರೂ ರಕ್ತವೇ ಬಾರದಿದ್ದರೂ ತೋರಿಸಿ.

ಡಾಕ್ಟರ ಹತ್ತಿರ ಮಾತ್ರೆ ತಗೊಂಡದ್ದನ್ನು ಯಾವ ದಿನ, ಎಷ್ಟು ಎಂದು ಇದ್ದ ಹಾಗೆ ಹೇಳಿ. 18 ದಾಟಿದವರ ಅಬಾರ್ಷನ್‌ಗೆ ಕಾನೂನು ಕೇಳುವುದು ಆಕೆಯ ಒಪ್ಪಿಗೆಯನ್ನು ಮಾತ್ರ, ಗಂಡನ ಅಥವಾ ಅತ್ತೆ-ಮಾವನ ಸಹಿಯನ್ನಲ್ಲ. ಕಾನೂನಿನಂತೆ ಅಬಾರ್ಷನ್ ಮಾಡಿಸಿಕೊಂಡವರ ಹೆಸರು, ವಿವರವನ್ನು ಡಾಕ್ಟರು ಹೊರಗೆ ಹೇಳುವಂತಿಲ್ಲ ಎಂದು 2021ರ ತಿದ್ದುಪಡಿ ಹೇಳುತ್ತದೆ.

ಮುಟ್ಟು ಬರಲೇ ಇಲ್ಲ ಅಂದರೆ

6 ವಾರ ಕಳೆದರೂ ಬಾರದಿದ್ದರೆ ಕಾರ್ಡ್ ಟೆಸ್ಟ್ ಮಾಡಿ. ಎರಡು ಗೆರೆ ಬಂದರೆ ಕಾಯಬೇಡಿ. ಹೊಸ ಗರ್ಭ ನಿಂತಿರಬಹುದು, ಹಳೆಯದ್ದೇ ಪೂರ್ತಿ ಹೋಗದೆ ಇರಬಹುದು, ಅಪರೂಪಕ್ಕೆ ಬೇರೆ ತೊಂದರೆಯೂ ಇರಬಹುದು. ರಕ್ತ ಪರೀಕ್ಷೆಯಲ್ಲಿ ಎಚ್‌ಸಿಜಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿದರೆ ಗೊತ್ತಾಗುತ್ತದೆ. ಒಂದೇ ಗೆರೆ ಬಂದರೆ 8 ವಾರದವರೆಗೆ ಕಾಯಬಹುದು, ಆಮೇಲೆ ತೋರಿಸಿ. ಕ್ಲೀನ್ ಮಾಡಿಸಿಕೊಂಡ ಮೇಲೆ ಪ್ರತಿ ತಿಂಗಳು ಹೊಟ್ಟೆನೋವು ಬಂದು ರಕ್ತ ಮಾತ್ರ ಬಾರದಿದ್ದರೆ ಗರ್ಭಕೋಶದ ಒಳಗೋಡೆಗಳು ಅಂಟಿಕೊಂಡಿರಬಹುದು. ಇದು ಅಪರೂಪ, ಆದರೆ ಚಿಕಿತ್ಸೆ ಇರುವ ತೊಂದರೆ.

ಇನ್ನೊಂದು ಮಾತು. ಅಂಡಾಣು ಮುಟ್ಟಿಗಿಂತ ಮೊದಲೇ ಬರುವುದರಿಂದ, ಮುಟ್ಟು ಬರುವ ಮುಂಚೆಯೇ ಮತ್ತೆ ಗರ್ಭ ನಿಲ್ಲಬಹುದು. ಬೇಡ ಅನ್ನುವವರು "ಒಂದು ಪಿರಿಯಡ್ಸ್ ಆಗ್ಲಿ" ಎಂದು ಕಾಯುವ ಹಾಗಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಸಿಗುವ ಅಂತರಾ ಇಂಜೆಕ್ಷನ್ ತಗೊಂಡವರಿಗೆ ಮುಟ್ಟು ತಡವಾಗುವುದು, ನಿಲ್ಲುವುದು, ಮಧ್ಯೆ ಮಧ್ಯೆ ಕಲೆ ಕಾಣುವುದು ಇದ್ದದ್ದೇ. ಅವರಿಗೆ ಮೇಲಿನ 4–6 ವಾರದ ಲೆಕ್ಕ ಹೊಂದುವುದಿಲ್ಲ.

ಕಷಾಯ, ಸುಸ್ತು, ಮದ್ದು

ಹೊಟ್ಟೆ "ಶುದ್ಧ" ಮಾಡಲು ಅಂತ ಕೊಡುವ ಕಷಾಯ ಒಳಗೆ ಉಳಿದ ತುಣುಕನ್ನು ತೆಗೆಯುವುದಿಲ್ಲ. ಅದನ್ನು ನಂಬಿ ಕಾದರೆ ದಿನ ಹೋಗುತ್ತದೆ. ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದು, ಡಾಕ್ಟರು ಹೇಳಿದ ನೋವಿನ ಮಾತ್ರೆ ಆಗುತ್ತದೆ, ಆಸ್ಪಿರಿನ್ ಬೇಡ. ರಕ್ತ ನಿಂತ ಮೇಲೂ ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸದ ಮಧ್ಯೆ ಸುಸ್ತು ಅನಿಸಿದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದು ಇಳಿದಿದ್ದರೆ ಸೀಯಾಳ, ಗಂಜಿಯಿಂದ ಮಾತ್ರ ಏರುವುದಿಲ್ಲ, ಕಬ್ಬಿಣದ ಮಾತ್ರೆ ಬೇಕು.

ಡಾಕ್ಟರ ಹತ್ತಿರ ಹೋಗುವಾಗ ಕೊನೆಯ ಮುಟ್ಟಿನ ದಿನ, ಗರ್ಭ ಹೋದ ದಿನ, ರಕ್ತ ನಿಂತ ದಿನ, ಮತ್ತೆ ಶುರುವಾದ ದಿನ, ಗಂಟೆಗೆ ಎಷ್ಟು ಪ್ಯಾಡ್ ಎಂಬ ಐದು ವಿಷಯ ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಮೊದಲಿನ ಸ್ಕ್ಯಾನ್ ರಿಪೋರ್ಟ್ ಇದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.