ಮಂಗನ ಕಾಯಿಲೆಯ ಜಾಡು ಹಿಡಿದ ಬಗೆ

ಸುಳ್ಯ ಸೀಮೆಯ ಗುತ್ತಿಗಾರಿನಂತೆ ಘಟ್ಟದ ಕಾಡಿಗೆ ತಾಗಿದ ಊರುಗಳಲ್ಲಿ ಸೊಪ್ಪು ಸೌದೆಗಳಿಗಾಗಿ ಜನರು ಕಾಡನ್ನು ಹೊಗುವುದು ವಾಡಿಕೆಯಷ್ಟೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ತಾಲ್ಲೂಕುಗಳ ಹಳ್ಳಿಗಳೂ ಇಂತಹವೇ. 1957ರಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗರನ್ನು ಉಗ್ರವಾದ ಜ್ವರವೊಂದು ಹಿಡಿಯಿತು.

ಇಂತಹ ಸಂದರ್ಭದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, 'ಇದು ಯಾವ ರೋಗ?' ಎಂಬುದು. ಆರಂಭದಲ್ಲಿ ಇದನ್ನು ವಿಷಮಶೀತಜ್ವರವೆಂದು ಶಂಕಿಸಿದ್ದರು. ಮಂಗಗಳ ಸಾವಿನ ಸುದ್ದಿ ತಿಳಿದಾಗ ಮತ್ತೊಂದು ಭೀತಿ ಹುಟ್ಟಿತು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ, ಸೊಳ್ಳೆಗಳಿಂದ ಹರಡುವ ಹಳದಿ ಜ್ವರವು ಏಷ್ಯಾಕ್ಕೂ ಕಾಲಿಟ್ಟಿತೇ? ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ. ರಷ್ಯದಲ್ಲಿ ಉಣ್ಣಿಗಳಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸಿಗೆ ನಂಟುಳ್ಳದ್ದು. ರೋಗವು ಇಂತಹುದೆಂದು ಖಚಿತವಾಗದೆ ರೋಗಿಗಳನ್ನು ಎಣಿಸಹೊರಟರೆ, ಮಲೇರಿಯಾ ಟೈಫಾಯ್ಡ್‌ಗಳೆಲ್ಲ ಲೆಕ್ಕದಲ್ಲಿ ಬೆರೆತುಹೋಗುವುವು.

ಆ ಬಳಿಕ ರೇಖಾಚಿತ್ರ. ಅಡ್ಡಗೆರೆಯ ಮೇಲೆ ದಿನಾಂಕ, ಲಂಬಗೆರೆಯ ಮೇಲೆ ರೋಗಿಗಳ ಸಂಖ್ಯೆ; ಭೌತಶಾಸ್ತ್ರದ ವಿದ್ಯಾರ್ಥಿಗೆ ಹೊಸದೇನಲ್ಲ. ಆದರೆ ಗುರುತಿಸಬೇಕಾದುದು ಜ್ವರ ಮೊದಲಾದ ದಿನವನ್ನೇ ಹೊರತು ರೋಗಿ ಆಸ್ಪತ್ರೆಗೆ ಬಂದ ದಿನವನ್ನಲ್ಲ. ಸಂತೆಯ ದಿನ ಹತ್ತು ಮಂದಿ ಒಟ್ಟಿಗೆ ಬಂದರೆ ಇಲ್ಲದ ಶಿಖರವೊಂದು ಚಿತ್ರದಲ್ಲಿ ಎದ್ದು ನಿಲ್ಲುತ್ತದೆ!

ಈ ಕಾಯಿಲೆಯಲ್ಲಿ ಸೋಂಕು ತಗಲಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಒಂದೇ ಔತಣದ ಊಟದಿಂದ ಬಂದುದಾದರೆ ರೇಖೆ ವಾರದೊಳಗೆ ಎದ್ದು ಇಳಿಯಬೇಕಿತ್ತು. ಇಲ್ಲಿ ಹಾಗಿಲ್ಲ. ಮಳೆ ನಿಂತ ಮೇಲೆ ಮೆಲ್ಲನೆ ತಲೆಯೆತ್ತಿ, ಫೆಬ್ರವರಿ ಮಾರ್ಚಿಗಳ ಸುಮಾರಿಗೆ ತುದಿ ಮುಟ್ಟಿ, ಮುಂಗಾರು ಹಿಡಿಯುತ್ತಲೇ ರೇಖೆ ಅಡಗುತ್ತದೆ. ಎಂದರೆ ಸೋಂಕಿನ ಮೂಲ ತಿಂಗಳುಗಟ್ಟಲೆ ಎದುರಿಗೇ ಇದೆ. ಆದರೆ ಮಳೆ ಬಿದ್ದರೆ ಮರೆಯಾಗುತ್ತದೆ. ಸೊಳ್ಳೆಗಳಾದರೋ ಮಳೆಯೊಡನೆ ಹೆಚ್ಚುವುವು! ರೇಖೆಯ ಈ ಆಕಾರವೊಂದರಿಂದಲೇ ಸೊಳ್ಳೆಯ ಊಹೆ ಸಡಿಲವಾಗುತ್ತದೆ.

ಉಣ್ಣಿಯ ಊಹೆಗೆ ಅದೇ ರೇಖೆ ಹೊಂದುತ್ತದೆ. ಕಾಡಿನ ನೆಲದ ಮೇಲೆ ಬಟ್ಟೆಯನ್ನೆಳೆದು ಉಣ್ಣಿಗಳನ್ನು ಹಿಡಿದು ನೋಡಿದಾಗ, ಹೆಮಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯಲ್ಲಿ ವೈರಸ್ ದೊರೆಯಿತು. ಮನುಷ್ಯರನ್ನು ಕಚ್ಚುವ ಇದರ ಎಳೆಯ ಉಣ್ಣಿಗಳು ಒಣ ತಿಂಗಳುಗಳಲ್ಲಿಯೇ ವಿಪುಲ. ಮಳೆಗಾಲದಲ್ಲಿ ಹೆಚ್ಚುವ ಬಲಿತ ಉಣ್ಣಿಗಳಿಗೆ ದನಕರುಗಳೇ ಪ್ರಿಯ.

ಆದರೂ ಕಾಲದ ಹೊಂದಾಣಿಕೆ ಪುರಾವೆಯಲ್ಲ. ಒಣ ತಿಂಗಳುಗಳಲ್ಲಿ ಜನರು ಕಾಡಿಗೆ ಹೋಗುವುದೂ ಹೆಚ್ಚು. ಆಗ ಕಾರಣ ಉಣ್ಣಿಯೋ ಕಾಡಿನ ನೀರೋ ಎಂಬುದನ್ನು ರೇಖೆಯೊಂದೇ ಹೇಳಲಾರದು. ಉಣ್ಣಿಯೊಳಗೆ ಸಿಕ್ಕ ವೈರಸ್ಸೇ ಆ ಸಂದೇಹವನ್ನು ತೀರಿಸಿತು. ರೇಖೆ ಮಾಡಿದ ಉಪಕಾರವೆಂದರೆ ಎಲ್ಲಿ ಹುಡುಕಬೇಕೆಂಬುದನ್ನು ತೋರಿಸಿದ್ದು. 1982–83ರಲ್ಲಿ ಇದೇ ಕಾಯಿಲೆ ಗುತ್ತಿಗಾರಿರುವ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿಯಲ್ಲಿ ಕಾಣಿಸಿಕೊಂಡಾಗ, ಹುಡುಕುವವರ ದೃಷ್ಟಿ ಗೇರುತೋಟಕ್ಕಾಗಿ ಕಡಿದ ಕಾಡಿನ ಕಡೆಗೆ ಹರಿಯಿತು.