ಬಾಕಿ ಉಳಿದ ಕರೆ, ಬಂದುಬಿಟ್ಟ ಪ್ರೀಮಿಯಂ

ಕಂಪನಿಯೊಂದು ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಹದಿನಾಲ್ಕಕ್ಕೆ ಮಾರಿದರೆ ಹೆಚ್ಚಿಗೆ ಬಂದ ನಾಲ್ಕು ರೂಪಾಯಿಯೇ ಪ್ರೀಮಿಯಂ. ಅದು ಕಂಪನಿಯ ಲಾಭವಲ್ಲ, ಷೇರು ಬಂಡವಾಳವೂ ಅಲ್ಲ. 2013ರ ಕಂಪನಿ ಕಾಯ್ದೆಯ 52ನೇ ಕಲಮು ಈ ಹಣವನ್ನು ಸೆಕ್ಯುರಿಟೀಸ್ ಪ್ರೀಮಿಯಂ ಎಂಬ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ಹೇಳುತ್ತದೆ. ಬೋನಸ್ ಷೇರು ಕೊಡಲು, ಷೇರು ನೀಡಿಕೆಯ ಖರ್ಚನ್ನು ತೊಡೆದುಹಾಕಲು, ಕಂಪನಿ ತನ್ನದೇ ಷೇರನ್ನು ಮರಳಿ ಕೊಳ್ಳಲು, ಹೀಗೆ ಕೆಲವೇ ಕೆಲಸಗಳಿಗೆ ಇದನ್ನು ಬಳಸಬಹುದು. ಷೇರುದಾರರಿಗೆ ಲಾಭಾಂಶವಾಗಿ ಹಂಚುವಂತಿಲ್ಲ. ಹೀಗಾಗಿ ಯಾವ ರೂಪಾಯಿ ಬಂಡವಾಳದ್ದು, ಯಾವುದು ಪ್ರೀಮಿಯಂನದು ಎಂಬುದನ್ನು ಪುಸ್ತಕಗಳಲ್ಲಿ ಮೊದಲಿನಿಂದಲೇ ಬೇರ್ಪಡಿಸಿ ಬರೆಯಬೇಕಾಗುತ್ತದೆ. ಷೇರಿನ ಹಣ ಕಂತುಗಳಲ್ಲಿ ಬರುವಾಗ, ಅದರಲ್ಲೂ ಕೆಲವರು ಕಡೆಯ ಕಂತುಗಳನ್ನು ಕಟ್ಟದೆ ಉಳಿದಾಗ, ತೊಡಕು ಕಾಣಿಸಿಕೊಳ್ಳುವುದು ಈ ಬೇರ್ಪಡಿಕೆಯಲ್ಲೇ.

ಕಂತುಗಳಿಗೆ ಒಂದು ಕ್ರಮವಿದೆ. ಅರ್ಜಿಯ ಜೊತೆ ಕಟ್ಟುವುದು ಅರ್ಜಿ ಹಣ. ಷೇರು ಸಿಕ್ಕಿತೆಂದು ತಿಳಿದ ಮೇಲೆ ಕಟ್ಟುವುದು ಹಂಚಿಕೆ ಹಣ. ಅನಂತರ ನಿರ್ದೇಶಕ ಮಂಡಳಿ ಕೇಳಿದಾಗ ಕೊಡಬೇಕಾದದ್ದು ಕರೆ ಹಣ. ಕಂಪನಿ ಕಾಯ್ದೆಯ ಪ್ರಕಾರ ಅರ್ಜಿ ಹಣ ಮುಖಬೆಲೆಯ ಶೇ. 5ಕ್ಕಿಂತ ಕಡಿಮೆ ಇರಬಾರದು. ಸಾರ್ವಜನಿಕರಿಗೆ ಷೇರು ಮಾರುವ ಕಂಪನಿಗಳಿಗೆ ಸೆಬಿ ಇನ್ನೂ ಬಿಗಿ ನಿಯಮ ಮಾಡಿದ್ದು, ಮಾರಾಟದ ಬೆಲೆಯ ಶೇ. 25ರಷ್ಟಾದರೂ ಅರ್ಜಿಯೊಂದಿಗೇ ಬರಬೇಕು. ತನ್ನದೇ ನಿಯಮಾವಳಿ ಬರೆದುಕೊಳ್ಳದ ಕಂಪನಿಗೆ ಕಾಯ್ದೆಗೆ ಅಂಟಿಸಿರುವ ‘ಟೇಬಲ್ ಎಫ್’ ಅನ್ವಯಿಸುತ್ತದೆ. ಅದರಂತೆ ಒಂದು ಕರೆ ಮುಖಬೆಲೆಯ ಕಾಲು ಭಾಗವನ್ನು ಮೀರಬಾರದು, ಎರಡು ಕರೆಗಳ ನಡುವೆ ಕನಿಷ್ಠ ಒಂದು ತಿಂಗಳ ಅಂತರ ಇರಬೇಕು.

ಈ ಮಿತಿಗಳೊಳಗೆ ಒಂದು ಲೆಕ್ಕ ಕಟ್ಟಿಕೊಂಡು ಕೊನೆಯವರೆಗೆ ಹೋಗಬಹುದು. ಕಂಪನಿಯೊಂದು ಹತ್ತು ರೂಪಾಯಿ ಮುಖಬೆಲೆಯ 10,000 ಷೇರುಗಳನ್ನು ತಲಾ 4 ರೂ. ಪ್ರೀಮಿಯಂಗೆ ನೀಡುತ್ತದೆ ಎಂದುಕೊಳ್ಳೋಣ. ಅರ್ಜಿಯೊಂದಿಗೆ 4 ರೂ., ಹಂಚಿಕೆಯಲ್ಲಿ ಪ್ರೀಮಿಯಂ ಸೇರಿ 5 ರೂ., ಮೊದಲ ಕರೆಗೆ ಎರಡೂವರೆ, ಕಡೆಯ ಕರೆಗೆ ಎರಡೂವರೆ. ಎಲ್ಲ ಷೇರುಗಳಿಗೂ ಅರ್ಜಿ ಬಂದಿದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಅರ್ಜಿಗಳೊಂದಿಗೆ 40,000 ರೂ. ಬ್ಯಾಂಕಿಗೆ ಬಂದು ಬೀಳುತ್ತದೆ. ಬ್ಯಾಂಕ್ ಖಾತೆಗೆ ಡೆಬಿಟ್, ಷೇರು ಅರ್ಜಿ ಖಾತೆಗೆ ಕ್ರೆಡಿಟ್. ಇದನ್ನು ನೇರವಾಗಿ ಬಂಡವಾಳಕ್ಕೆ ಹಾಕುವ ಆತುರ ಸಲ್ಲದು. ಹಂಚಿಕೆ ಆಗುವವರೆಗೆ ಅರ್ಜಿದಾರ ಷೇರುದಾರನಲ್ಲ, ಅವನ ಹಣ ಕಂಪನಿಯ ಬಳಿ ಇಟ್ಟ ಹಣವಷ್ಟೇ. ಷೇರು ಸಿಗದಿದ್ದರೆ ಅದನ್ನು ಹಿಂದಿರುಗಿಸಬೇಕು. ಮಂಡಳಿ ಹಂಚಿಕೆಯ ನಿರ್ಣಯ ಮಾಡಿದ ದಿನ ಷೇರು ಅರ್ಜಿ ಖಾತೆಗೆ 40,000 ಡೆಬಿಟ್ ಮಾಡಿ ಷೇರು ಬಂಡವಾಳಕ್ಕೆ ಕ್ರೆಡಿಟ್ ಮಾಡಲಾಗುತ್ತದೆ. ಅಲ್ಲಿಗೆ ಅರ್ಜಿ ಖಾತೆ ಮುಗಿಯಿತು.

ಅದೇ ದಿನ ಹಂಚಿಕೆ ಹಣವೂ ಬರಬೇಕಾದ ಹಣವಾಗುತ್ತದೆ. ಪ್ರೀಮಿಯಂ ಪುಸ್ತಕಕ್ಕೆ ಬರುವುದು ಈ ದಾಖಲೆಯಿಂದಲೇ ಆದ್ದರಿಂದ ಇದನ್ನು ಪೂರ್ತಿಯಾಗಿ ನೋಡುವುದು ಒಳ್ಳೆಯದು:

ಷೇರು ಹಂಚಿಕೆ ಖಾತೆ – ಡೆಬಿಟ್ 50,000
ಷೇರು ಬಂಡವಾಳ ಖಾತೆ – ಕ್ರೆಡಿಟ್ 10,000
ಸೆಕ್ಯುರಿಟೀಸ್ ಪ್ರೀಮಿಯಂ ಖಾತೆ – ಕ್ರೆಡಿಟ್ 40,000

ಹಣ ಇನ್ನೂ ಕೈಗೆ ಬಂದಿಲ್ಲ. ಆದರೂ ಪ್ರೀಮಿಯಂ ಜಮೆಯಾಗಿದೆ, ಏಕೆಂದರೆ ಇಲ್ಲಿ ಬರೆಯುವುದು ಬಾಧ್ಯತೆಯನ್ನು, ನಗದನ್ನಲ್ಲ. ಷೇರುದಾರ ಕೊಡಬೇಕಾದ್ದು ಐದು ರೂಪಾಯಿ, ಅದರಲ್ಲಿ ಒಂದು ಮಾತ್ರ ಬಂಡವಾಳದ್ದು. ಐದನ್ನೂ ಬಂಡವಾಳಕ್ಕೆ ಸೇರಿಸಿಬಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಪತ್ತೆಹಚ್ಚುವುದು ಸುಲಭ: ಎಲ್ಲ ಕರೆಗಳೂ ಮುಗಿದಾಗ ಬಂಡವಾಳ ಖಾತೆಯ ಒಟ್ಟು ಮೊತ್ತ ಮುಖಬೆಲೆಯನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದ್ದಕ್ಕೆ, ಅಂದರೆ ಇಲ್ಲಿ ಒಂದು ಲಕ್ಷಕ್ಕೆ, ಸರಿಯಾಗಿ ನಿಲ್ಲಬೇಕು. ಒಂದು ಲಕ್ಷ ನಲವತ್ತು ಸಾವಿರ ಬಂದರೆ ಪ್ರೀಮಿಯಂ ದಾರಿ ತಪ್ಪಿದೆ ಎಂದರ್ಥ. ನಮ್ಮ ಲೆಕ್ಕದಲ್ಲಿ ಹಂಚಿಕೆಯ 50,000 ಪೂರ್ತಿ ಬರುತ್ತದೆ. ಬ್ಯಾಂಕಿಗೆ ಡೆಬಿಟ್, ಹಂಚಿಕೆ ಖಾತೆಗೆ ಕ್ರೆಡಿಟ್. ಪ್ರೀಮಿಯಂ ಈಗ ಬರೀ ಬಾಧ್ಯತೆಯಲ್ಲ, ಬಂದ ಹಣ.

ಜುಲೈ 1ಕ್ಕೆ ಮೊದಲ ಕರೆಯ ಹಣ ಸಲ್ಲಬೇಕು. ಮೊದಲ ಕರೆ ಖಾತೆಗೆ 25,000 ಡೆಬಿಟ್, ಬಂಡವಾಳಕ್ಕೆ ಕ್ರೆಡಿಟ್. ಪ್ರೀಮಿಯಂಗೆ ಇಲ್ಲಿ ಕೆಲಸವಿಲ್ಲ. ಆದರೆ 400 ಷೇರುಗಳ ಒಡೆಯನೊಬ್ಬ ಹಣ ಕಟ್ಟಲಿಲ್ಲ, ಬಂದದ್ದು 24,000 ಮಾತ್ರ. ಕೊರತೆಯ ಸಾವಿರ ರೂಪಾಯಿಗೆ ಒಂದು ನೆಲೆ ಬೇಕು, ಅದೇ ಬಾಕಿ ಕರೆ ಖಾತೆ:

ಬ್ಯಾಂಕ್ ಖಾತೆ – ಡೆಬಿಟ್ 24,000
ಬಾಕಿ ಕರೆ ಖಾತೆ – ಡೆಬಿಟ್ 1,000
ಮೊದಲ ಕರೆ ಖಾತೆ – ಕ್ರೆಡಿಟ್ 25,000

ಅಕ್ಟೋಬರ್ 1ರ ಕಡೆಯ ಕರೆಗೆ ಇವನ ಜೊತೆ 200 ಷೇರುಗಳ ಇನ್ನೊಬ್ಬನೂ ಸೇರಿಕೊಳ್ಳುತ್ತಾನೆ. ಒಟ್ಟು 600 ಷೇರುಗಳ ಎರಡೂವರೆ ರೂಪಾಯಿ, ಅಂದರೆ 1,500 ನಿಂತುಹೋಗುತ್ತದೆ. ಬ್ಯಾಂಕಿಗೆ 23,500, ಬಾಕಿ ಕರೆಗೆ 1,500 ಡೆಬಿಟ್ ಆಗಿ ಕಡೆಯ ಕರೆ ಖಾತೆಯ 25,000 ತೀರುತ್ತದೆ. ಬಾಕಿ ಕರೆ ಖಾತೆಯಲ್ಲಿ ಈಗ 2,500 ರೂ. ನಿಂತಿದೆ. ಕೆಲವು ಲೆಕ್ಕಿಗರು ಈ ಖಾತೆಯನ್ನೇ ತೆರೆಯುವುದಿಲ್ಲ. ಬಂದಷ್ಟನ್ನು ಬರೆದು, ಕರೆ ಖಾತೆಗಳಲ್ಲೇ ಬಾಕಿಯನ್ನು ಉಳಿಸುತ್ತಾರೆ. ಕೊನೆಯ ಮೊತ್ತ ಎರಡರಲ್ಲೂ ಒಂದೇ. ಆದರೂ ಯಾರು ಎಷ್ಟು ಬಾಕಿ ಎಂಬುದು ಒಂದೇ ಕಡೆ ಕಾಣುವುದರಿಂದ ಬೇರೆ ಖಾತೆ ತೆರೆಯುವುದೇ ಮೇಲು.

ಬ್ಯಾಂಕಿಗೆ ಬಂದದ್ದನ್ನು ಕೂಡಿಸಿದರೆ 1,37,500. ಇನ್ನೊಂದು ಕಡೆ ಬಂಡವಾಳ ಒಂದು ಲಕ್ಷ, ಅದರಲ್ಲಿ ಬಾಕಿ 2,500 ಕಳೆದರೆ 97,500, ಜೊತೆಗೆ ಪ್ರೀಮಿಯಂ 40,000. ಎರಡೂ ತಾಳೆಯಾಗುತ್ತವೆ. ಬಾಕಿ ತಿಂದದ್ದು ಬಂಡವಾಳವನ್ನು ಮಾತ್ರ, ಪ್ರೀಮಿಯಂನ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಪ್ರೀಮಿಯಂ ಹಂಚಿಕೆಯಲ್ಲೇ ಪೂರ್ತಿ ಬಂದುಬಿಟ್ಟದ್ದು ಇದಕ್ಕೆ ಕಾರಣ.

ಆಸ್ತಿ-ಹೊಣೆ ಪಟ್ಟಿಯಲ್ಲಿ ಈ 2,500ನ್ನು ಸಾಲಗಾರರ ಜೊತೆ ಆಸ್ತಿಯ ಕಡೆ ಕೂರಿಸುವುದು ತಪ್ಪು. ಕಾಯ್ದೆಯ ಮೂರನೇ ಅನುಸೂಚಿಯ ಪ್ರಕಾರ ಅದನ್ನು ಷೇರು ಬಂಡವಾಳದ ಟಿಪ್ಪಣಿಯಲ್ಲೇ ಕಳೆದು ತೋರಿಸಬೇಕು. ಪೂರ್ತಿ ಹಣ ಬಂದ 9,400 ಷೇರುಗಳು 94,000 ರೂ. ಎಂದು ಒಂದು ಸಾಲು. ಪೂರ್ತಿ ಸಂದಾಯವಾಗದ 600 ಷೇರುಗಳ 6,000ದಲ್ಲಿ ಬಾಕಿ 2,500 ಕಳೆದು 3,500 ಎಂದು ಇನ್ನೊಂದು ಸಾಲು. ಬಾಕಿದಾರರಲ್ಲಿ ನಿರ್ದೇಶಕರೋ ಅಧಿಕಾರಿಗಳೋ ಇದ್ದರೆ ಅವರ ಬಾಕಿಯನ್ನು ಬೇರೆಯಾಗಿಯೇ ಹೇಳಬೇಕು. ಉಳಿದವರಿಂದ ಹಣ ಕೇಳುವವರೇ ತಮ್ಮ ಹಣ ಕಟ್ಟಿಲ್ಲವೆಂದರೆ ಅದು ಷೇರುದಾರರಿಗೆ ತಿಳಿಯಬೇಕಾದ ಸಂಗತಿಯೇ. ಪ್ರೀಮಿಯಂನ 40,000 ಮೀಸಲು ನಿಧಿಗಳ ಶೀರ್ಷಿಕೆಯಡಿ ಪೂರ್ತಿಯಾಗಿ ನಿಲ್ಲುತ್ತದೆ.

ಪ್ರೀಮಿಯಂ ಯಾವಾಗಲೂ ಹಂಚಿಕೆಯಲ್ಲೇ ಬರಬೇಕೆಂದೇನೂ ಇಲ್ಲ. ಪಠ್ಯಪುಸ್ತಕಗಳಲ್ಲಿ ಹಾಗೆ ಇರುವುದರಿಂದ ಅದೇ ನಿಯಮವೆಂದು ಅನೇಕರು ನಂಬಿದ್ದಾರೆ. ರಿಲಯನ್ಸ್ ಇಂಡಸ್ಟ್ರೀಸ್ 2020ರಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ತನ್ನ ಷೇರುದಾರರಿಗೆ 1,257 ರೂಪಾಯಿಗೆ ಹಕ್ಕಿನ ಷೇರಾಗಿ ನೀಡಿದಾಗ ಅರ್ಜಿಯೊಂದಿಗೆ 314.25 ರೂ. ಪಡೆಯಿತು. ಅದರಲ್ಲಿ 2.50 ಮುಖಬೆಲೆಯದು, 311.75 ಪ್ರೀಮಿಯಂನದು. 2021ರ ಮೇ ತಿಂಗಳ ಕರೆಯೂ ಅಷ್ಟೇ ಮೊತ್ತದ್ದು. ನವೆಂಬರಿನ ಕಡೆಯ ಕರೆ 628.50 ರೂ., ಅದರಲ್ಲಿ ಐದು ರೂಪಾಯಿ ಮಾತ್ರ ಮುಖಬೆಲೆಯದು. ಇಂಥ ನೀಡಿಕೆಯಲ್ಲಿ ಒಬ್ಬ ನೂರು ಷೇರುಗಳ ಕಡೆಯ ಕರೆ ಕಟ್ಟದಿದ್ದರೆ ಬಾಕಿ 62,850 ರೂ. ಆಗುತ್ತದೆ. ಬಂಡವಾಳಕ್ಕೆ ಸೇರಿದ್ದು ಅದರಲ್ಲಿ 500 ಮಾತ್ರ, ಉಳಿದ 62,350 ಬಾರದ ಪ್ರೀಮಿಯಂ. ಪೂರ್ತಿ ಬಾಕಿಯನ್ನು ಬಂಡವಾಳದಿಂದ ಕಳೆದರೆ ಲೆಕ್ಕ ನಗೆಪಾಟಲಾಗುತ್ತದೆ, ಆ ನೂರು ಷೇರುಗಳ ಮುಖಬೆಲೆಯೇ ಒಟ್ಟು ಸಾವಿರ ರೂಪಾಯಿ! ಆದ್ದರಿಂದ ಬಾಕಿಯನ್ನು ನೋಡುವಾಗ ಮೊದಲು ಕೇಳಬೇಕಾದ್ದು, ನಿಂತುಹೋದ ಕಂತಿನಲ್ಲಿ ಪ್ರೀಮಿಯಂ ಇತ್ತೇ ಎಂಬುದನ್ನು.

ಮತ್ತೆ ಮೊದಲಿನ ಲೆಕ್ಕಕ್ಕೆ ಬಂದರೆ, 400 ಷೇರುಗಳ ಒಡೆಯ ಡಿಸೆಂಬರ್ 31ರಂದು ಎರಡೂ ಕರೆಗಳ ಹಣ ತರುತ್ತಾನೆ. ಟೇಬಲ್ ಎಫ್ ಪ್ರಕಾರ ಬಾಕಿಗೆ ವರ್ಷಕ್ಕೆ ಶೇ. 10ರವರೆಗೆ ಬಡ್ಡಿ ಹಾಕಬಹುದು, ಮಂಡಳಿ ಮನಸ್ಸು ಮಾಡಿದರೆ ಬಿಡಲೂಬಹುದು. ಮೊದಲ ಕರೆಯ ಸಾವಿರಕ್ಕೆ ಆರು ತಿಂಗಳಿಗೆ 50 ರೂ., ಕಡೆಯ ಕರೆಯ ಸಾವಿರಕ್ಕೆ ಮೂರು ತಿಂಗಳಿಗೆ 25 ರೂ. ಬ್ಯಾಂಕಿಗೆ 2,075 ಡೆಬಿಟ್, ಬಾಕಿ ಕರೆ ಖಾತೆಗೆ 2,000 ಕ್ರೆಡಿಟ್, ಬಡ್ಡಿಗೆ 75 ಕ್ರೆಡಿಟ್. ಬಡ್ಡಿ ಕಂಪನಿಯ ಆದಾಯ, ಬಂಡವಾಳಕ್ಕೂ ಪ್ರೀಮಿಯಂಗೂ ಅದು ಸೇರದು.

ಇನ್ನೊಬ್ಬ ನೋಟಿಸಿಗೂ ಮಣಿಯುವುದಿಲ್ಲ. ಕನಿಷ್ಠ 14 ದಿನ ಗಡುವು ಕೊಟ್ಟು, ಅದು ಮೀರಿದ ಮೇಲೆ ಮಂಡಳಿ ಅವನ 200 ಷೇರುಗಳನ್ನು ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಷೇರು ಬಂಡವಾಳಕ್ಕೆ 2,000 ಡೆಬಿಟ್. ಬಾಕಿ ಕರೆಗೆ 500, ಷೇರು ಮುಟ್ಟುಗೋಲು ಖಾತೆಗೆ 1,500 ಕ್ರೆಡಿಟ್. ಈ 1,500 ಎಂದರೆ ಅವನು ಬಂಡವಾಳಕ್ಕೆಂದು ಕಟ್ಟಿದ್ದ ಷೇರಿಗೆ ಏಳೂವರೆ ರೂಪಾಯಿ. ಅವನು ಕೊಟ್ಟಿದ್ದ 800 ರೂ. ಪ್ರೀಮಿಯಂ ಈ ದಾಖಲೆಯಲ್ಲಿ ಎಲ್ಲೂ ಬರುವುದಿಲ್ಲ. ಒಮ್ಮೆ ಬಂದ ಪ್ರೀಮಿಯಂ ಷೇರು ಕೈತಪ್ಪಿದರೂ ಪ್ರೀಮಿಯಂ ಖಾತೆಯಲ್ಲೇ ಉಳಿಯುತ್ತದೆ.

ಇದೇ ಮನುಷ್ಯ ಅರ್ಜಿ ಹಣ ಬಿಟ್ಟು ಹಂಚಿಕೆ ಹಣವನ್ನೂ ಕಟ್ಟದಿದ್ದರೆ ಚಿತ್ರ ಬದಲಾಗುತ್ತಿತ್ತು. ಆಗ ಬಂಡವಾಳದ 2,000ದ ಜೊತೆ, ಜಮೆ ಮಾಡಿಯೂ ಬಾರದೇ ಹೋದ 800 ರೂ. ಪ್ರೀಮಿಯಂಗೂ ಡೆಬಿಟ್ ಕೊಟ್ಟು ಅದನ್ನು ಅಳಿಸಬೇಕಾಗುತ್ತಿತ್ತು. ಬಾಕಿ 2,000, ಮುಟ್ಟುಗೋಲು ಖಾತೆಗೆ ಅರ್ಜಿಯ 800. ಪರೀಕ್ಷೆಯಲ್ಲೂ ಕಚೇರಿಯಲ್ಲೂ ಜನ ಎಡವುವುದು ಇಲ್ಲಿಯೇ: ಬಂದ ಪ್ರೀಮಿಯಂನ್ನು ಅಳಿಸುತ್ತಾರೆ, ಬಾರದ್ದನ್ನು ಉಳಿಸುತ್ತಾರೆ.

ಮುಟ್ಟುಗೋಲಾದ ಷೇರುಗಳನ್ನು ಕಂಪನಿ ಮತ್ತೆ ಮಾರಬಹುದು. ಮುಖಬೆಲೆಗಿಂತ ಕಡಿಮೆಗೂ ಕೊಡಬಹುದು, ಆದರೆ ಆ ಕಡಿತ ಮುಟ್ಟುಗೋಲು ಖಾತೆಯಲ್ಲಿರುವ ಮೊತ್ತವನ್ನು ದಾಟಬಾರದು. ಆ 200 ಷೇರುಗಳು ಪೂರ್ತಿ ಸಂದಾಯವಾದವೆಂದು ತಲಾ 8 ರೂಪಾಯಿಗೆ ಹೋದರೆ ಬ್ಯಾಂಕಿಗೆ 1,600 ಬರುತ್ತದೆ, ಕೊರತೆಯ 400ನ್ನು ಮುಟ್ಟುಗೋಲು ಖಾತೆ ತುಂಬಿಕೊಡುತ್ತದೆ, ಅಲ್ಲಿ ಉಳಿದ 1,100 ಬಂಡವಾಳ ಮೀಸಲಿಗೆ ಹೋಗುತ್ತದೆ. ಷೇರು ಬಂಡವಾಳ ಮತ್ತೆ ಒಂದು ಲಕ್ಷ, ಬಾಕಿ ಕರೆ ಖಾತೆ ಸೊನ್ನೆ, ಪ್ರೀಮಿಯಂ ಮೊದಲಿನ 40,000.